ಹಕ್ಕು ಯಾರದು, ಯಾರ ಮೇಲೆ? ನ್ಯಾಯಶಾಸ್ತ್ರ ಪರೀಕ್ಷೆಯ ಒಂದು ಸಮಸ್ಯೆಯನ್ನು ಬಿಡಿಸುವ ಬಗೆ

ಕಾನೂನು ಪದವಿಯ ನ್ಯಾಯಶಾಸ್ತ್ರ ಪತ್ರಿಕೆಯಲ್ಲಿ, ಅಂದರೆ ವಿದ್ಯಾರ್ಥಿಗಳು ಜ್ಯೂರಿಸ್‌ಪ್ರುಡೆನ್ಸ್ ಎನ್ನುವ ಪತ್ರಿಕೆಯಲ್ಲಿ, ಸಿದ್ಧಾಂತವನ್ನು ವಿವರಿಸಿ ಎಂಬ ಪ್ರಶ್ನೆಗಳ ಜೊತೆಗೆ ಸಮಸ್ಯೆಯ ಪ್ರಶ್ನೆಯೂ ಇರುವುದುಂಟು. ಅದರಲ್ಲಿ ಕಲ್ಪಿತ ವ್ಯಕ್ತಿಗಳ ನಡುವಿನ ವ್ಯವಹಾರವೊಂದನ್ನು ಹತ್ತಾರು ಸಾಲುಗಳಲ್ಲಿ ಹೇಳಿ, ಅವರ ಹಕ್ಕು, ಕರ್ತವ್ಯ, ಸ್ವಾತಂತ್ರ್ಯ ಮತ್ತು ಬಾಧ್ಯತೆಗಳನ್ನು ವಿಶ್ಲೇಷಿಸಿ ಎಂದು ಕೇಳಲಾಗುತ್ತದೆ. ಯಾರು ಗೆಲ್ಲುತ್ತಾರೆ ಎಂದು ಹೇಳಿದರೆ ಇಲ್ಲಿ ಸಾಲದು. ಯಾವ ಹೊತ್ತಿನಲ್ಲಿ ಯಾರು ಯಾರೆದುರು ಯಾವ ಸ್ಥಾನದಲ್ಲಿ ನಿಂತಿದ್ದರು ಎಂಬುದನ್ನು ಬಿಡಿಸಿ ತೋರಿಸಬೇಕು.

ಈ ವಿಶ್ಲೇಷಣೆಗೆ ಇಂದು ಬಳಕೆಯಲ್ಲಿರುವ ಚೌಕಟ್ಟು ಅಮೆರಿಕದ ಕಾನೂನು ಪ್ರಾಧ್ಯಾಪಕ ವೆಸ್ಲಿ ನ್ಯೂಕೋಂಬ್ ಹೋಫೆಲ್ಡ್ (1879–1918) ಅವರದು. ಸ್ಟ್ಯಾನ್‌ಫರ್ಡ್‌ನಲ್ಲಿ, ನಂತರ ಯೇಲ್‌ನಲ್ಲಿ ಪಾಠ ಹೇಳಿದ ಹೋಫೆಲ್ಡ್ 1913 ಮತ್ತು 1917ರಲ್ಲಿ ಯೇಲ್ ಲಾ ಜರ್ನಲ್‌ನಲ್ಲಿ ಈ ಕುರಿತು ಎರಡು ಲೇಖನಗಳನ್ನು ಬರೆದರು. ಅವರ ದೂರು ಸರಳವಾಗಿತ್ತು. ನ್ಯಾಯಾಧೀಶರೂ ವಕೀಲರೂ ಹಕ್ಕು ಎಂಬ ಒಂದೇ ಮಾತಿನಿಂದ ನಾಲ್ಕು ಬೇರೆಬೇರೆ ಸಂಗತಿಗಳನ್ನು ಹೇಳುತ್ತಾರೆ. ವಾದದ ಮಧ್ಯೆ ಒಂದು ಅರ್ಥದಿಂದ ಇನ್ನೊಂದಕ್ಕೆ ಜಾರಿ, ಸಾಧಿಸದೇ ಇದ್ದುದನ್ನು ಸಾಧಿಸಿದೆವೆಂದು ಭಾವಿಸುತ್ತಾರೆ. ಆ ನಾಲ್ಕನ್ನು ಬೇರ್ಪಡಿಸಿ, ಪ್ರತಿಯೊಂದಕ್ಕೂ ಎದುರು ಬದಿಯಲ್ಲಿ ನಿಲ್ಲುವ ಜೋಡಿಯನ್ನು ಹೋಫೆಲ್ಡ್ ಗುರುತಿಸಿದರು.

ಮೊದಲ ಜೋಡಿ ಹಕ್ಕು ಮತ್ತು ಕರ್ತವ್ಯ. ಒಬ್ಬನಿಗೆ ಹಕ್ಕಿದೆ ಎಂದರೆ ಇನ್ನೊಬ್ಬನು ಒಂದು ಕೆಲಸ ಮಾಡಲೇಬೇಕು, ಇಲ್ಲವೇ ಮಾಡಕೂಡದು ಎಂದರ್ಥ. ಎರಡನೆಯದು ಸ್ವಾತಂತ್ರ್ಯ ಮತ್ತು ಹಕ್ಕಿನ ಅಭಾವ. ಹೋಫೆಲ್ಡ್ ಇದನ್ನು ಪ್ರಿವಿಲೇಜ್ ಎಂದು ಕರೆದರು. ಒಬ್ಬನು ಒಂದು ಕೆಲಸ ಮಾಡಿದರೆ ತಪ್ಪಾಗುವುದಿಲ್ಲ, ಮಾಡಬೇಡ ಎನ್ನಲು ಎದುರಿನವನಿಗೆ ಹಕ್ಕಿಲ್ಲ, ಇಷ್ಟೇ ಅದರ ಅರ್ಥ. ಮೂರನೆಯದು ಅಧಿಕಾರ ಮತ್ತು ಬಾಧ್ಯತೆ. ತನ್ನ ಒಂದು ಕ್ರಿಯೆಯಿಂದ ಇನ್ನೊಬ್ಬನ ಕಾನೂನು ಸ್ಥಾನವನ್ನು ಬದಲಿಸಬಲ್ಲವನಿಗೆ ಅಧಿಕಾರವಿದೆ; ಹಾಗೆ ಬದಲಾವಣೆಗೆ ಒಳಪಟ್ಟು ನಿಂತವನದು ಬಾಧ್ಯತೆ. ನಾಲ್ಕನೆಯದು ರಕ್ಷೆ ಮತ್ತು ಅಸಮರ್ಥತೆ. ಒಬ್ಬನ ಸ್ಥಾನವನ್ನು ಬದಲಿಸಲು ಇನ್ನೊಬ್ಬನಿಗೆ ಆಗುವುದಿಲ್ಲವಾದರೆ ಮೊದಲನೆಯವನಿಗೆ ರಕ್ಷೆ, ಎರಡನೆಯವನಿಗೆ ಅಸಮರ್ಥತೆ.

ಇವುಗಳಲ್ಲಿ ವಿದ್ಯಾರ್ಥಿಗಳು ಹೆಚ್ಚು ಎಡವುವುದು ಬಾಧ್ಯತೆಯಲ್ಲಿ. ದಿನಬಳಕೆಯಲ್ಲಿ ಲಯಬಿಲಿಟಿ ಎಂದರೆ ಸಾಲ, ತಪ್ಪಿನ ಹೊಣೆ, ದಂಡ ತೆರುವ ಭಾರ. ಈ ಚೌಕಟ್ಟಿನಲ್ಲಿ ಅದಕ್ಕೆ ಆ ಕಹಿ ಇಲ್ಲ. ಉಯಿಲು ಬರೆಯುವವನು ಮಗಳಿಗೆ ಮನೆ ಬಿಟ್ಟುಹೋಗಬಹುದಾದರೆ, ಆ ಬದಲಾವಣೆಗೆ ಒಳಪಟ್ಟ ಮಗಳದೂ ಬಾಧ್ಯತೆಯೇ. ಅದು ಲಾಭದ ಬದಲಾವಣೆಯಾದರೂ ಹೆಸರು ಅದೇ. ಬಾಧ್ಯತೆ ಕರ್ತವ್ಯವಲ್ಲ, ಮುಂದೊಂದು ದಿನ ಕರ್ತವ್ಯ ಹುಟ್ಟಬಹುದಾದ ಸ್ಥಿತಿ.

ಚೌಕಟ್ಟು ಕೆಲಸ ಮಾಡುವುದನ್ನು ಕಾಣಲು ಒಂದು ಸಮಸ್ಯೆಯನ್ನು ಪೂರ್ತಿಯಾಗಿ ಬಿಡಿಸಿ ನೋಡಬೇಕು. ಪತ್ರಿಕೆಯಲ್ಲಿ ಬರುವ ಬಗೆಯಲ್ಲೇ ಅದನ್ನು ಹೀಗೆ ಬರೆಯಬಹುದು:

ಶಂಕರಪ್ಪನ ಅಡಿಕೆ ತೋಟದ ಆಚೆಗೆ ಮಹಾದೇವನ ಗದ್ದೆಯಿದೆ. ತೋಟದ ದಾರಿಯಲ್ಲಿ ಟ್ರ್ಯಾಕ್ಟರ್ ಒಯ್ಯಲು ಶಂಕರಪ್ಪ ಬಾಯಿಮಾತಿನಲ್ಲಿ ಒಪ್ಪಿದ. ಹಣ ಕೇಳಲಿಲ್ಲ. “ಹಳ್ಳಕ್ಕೆ ಬೇಕಾದರೆ ನೀನೇ ಮೋರಿ ಕಟ್ಟಿಸಿಕೊ” ಎಂದೂ ಹೇಳಿದ. ಮೊದಲ ಮಳೆಗಾಲದಲ್ಲಿ ಶಂಕರಪ್ಪ ನೀರಿನ ಪೈಪು ಹಾಕಲು ದಾರಿಗೆ ಅಡ್ಡಲಾಗಿ ಚರಂಡಿ ತೋಡಿಸಿದ. ಗುರುತಿಗೆ ಏನೂ ಇಡಲಿಲ್ಲ. ಆ ರಾತ್ರಿ ಮಹಾದೇವನ ಟ್ರ್ಯಾಕ್ಟರಿನ ಮುಂದಿನ ಚಕ್ರ ಅದರೊಳಗೆ ಬಿದ್ದು ಆಕ್ಸಲ್ ಮುರಿಯಿತು. ಚರಂಡಿ ಮುಚ್ಚುವವರೆಗೆ ಮೂರು ದಿನ ದಾರಿ ನಿಂತು, ನಾಟಿಗೆ ಕರೆದ ಆಳುಗಳ ಕೂಲಿಯೂ ದಂಡವಾಯಿತು. ಮರುವರ್ಷ ಮಹಾದೇವ 80,000 ರೂಪಾಯಿ ಖರ್ಚು ಮಾಡಿ ಹಳ್ಳಕ್ಕೆ ಕಾಂಕ್ರೀಟ್ ಮೋರಿ ಕಟ್ಟಿಸಿದ. ಆಮೇಲೊಂದು ದಿನ ಶಂಕರಪ್ಪ ತನ್ನ ಪವರ್ ಟಿಲ್ಲರನ್ನು 70,000 ರೂಪಾಯಿಗೆ ಕೊಡುವುದಾಗಿಯೂ ಸೋಮವಾರದ ತನಕ ಕಾಯುವುದಾಗಿಯೂ ಮಹಾದೇವನಿಗೆ ಚೀಟಿ ಬರೆದ. ಶನಿವಾರ ಅದನ್ನೇ ಗಂಗಮ್ಮನಿಗೆ ಮಾರಿಬಿಟ್ಟ. ಇದರ ಸುಳಿವಿಲ್ಲದ ಮಹಾದೇವ ಸೋಮವಾರ ಬೆಳಗ್ಗೆ ಒಪ್ಪಿಗೆಯ ಚೀಟಿಯನ್ನು ಶಂಕರಪ್ಪನ ಕೈಗೇ ಕೊಟ್ಟ. ಜಗಳವಾಯಿತು. ಶಂಕರಪ್ಪ ತೋಟದ ಗೇಟಿಗೆ ಬೀಗ ಹಾಕಿ, “ಇನ್ನು ಈ ದಾರಿ ಇಲ್ಲ” ಎಂದ. ಇವರ ಕಾನೂನು ಸಂಬಂಧಗಳನ್ನು ವಿಶ್ಲೇಷಿಸಿ.

ಉತ್ತರ ಬರೆಯುವ ಮೊದಲು ಮಾಡಬೇಕಾದ ಕೆಲಸ ಕತ್ತರಿಸುವುದು. ಹೋಫೆಲ್ಡ್‌ರ ಪ್ರಕಾರ ಪ್ರತಿಯೊಂದು ಕಾನೂನು ಸಂಬಂಧವೂ ಇಬ್ಬರ ನಡುವಿನದು ಮತ್ತು ಒಂದು ನಿರ್ದಿಷ್ಟ ಕ್ರಿಯೆಗೆ ಸಂಬಂಧಿಸಿದ್ದು. ಮಹಾದೇವನಿಗೆ ದಾರಿಯ ಹಕ್ಕಿದೆ ಎಂಬ ವಾಕ್ಯದಲ್ಲಿ ಎದುರಿನವನೂ ಇಲ್ಲ, ಅವನು ಮಾಡಬೇಕಾದ ಕೆಲಸವೂ ಇಲ್ಲ. ಆದ್ದರಿಂದ ಘಟನೆಗಳನ್ನು ಕಾಲಾನುಕ್ರಮದಲ್ಲಿ ಇಟ್ಟು, ಒಂದೊಂದು ಘಟ್ಟಕ್ಕೂ ಇಬ್ಬರನ್ನು ಮಾತ್ರ ಆರಿಸಿ, ಯಾವ ಕ್ರಿಯೆಯ ಪ್ರಶ್ನೆ ಇದು ಎಂದು ಕೇಳಬೇಕು. ಬಳಿಕ ಮೂರು ಹೆಜ್ಜೆ: ಸ್ಥಾನಕ್ಕೆ ಹೆಸರು ಕೊಡುವುದು, ಎದುರಿನವನ ಜೋಡಿ ಸ್ಥಾನವನ್ನು ಹೇಳುವುದು, ಆ ಸ್ಥಾನವನ್ನು ಕೊಡುವ ಕಾನೂನಿನ ನಿಯಮವನ್ನು ತೋರಿಸುವುದು. ಈ ಸಮಸ್ಯೆಯಲ್ಲಿ ಘಟ್ಟಗಳು ಐದು: ಒಪ್ಪಿಗೆ, ಚರಂಡಿ, ಮೋರಿ, ಪವರ್ ಟಿಲ್ಲರಿನ ಚೀಟಿ, ಬೀಗ.

ಒಪ್ಪಿಗೆಗೆ ಮುಂಚಿನ ಸ್ಥಿತಿಯಿಂದ ಶುರುಮಾಡುವುದು ಒಳ್ಳೆಯದು. ತೋಟ ಶಂಕರಪ್ಪನದು. ಮಹಾದೇವನು ಒಳಗೆ ಬರಕೂಡದು ಎಂಬ ಹಕ್ಕು ಶಂಕರಪ್ಪನಿಗಿತ್ತು, ಬರದಿರುವ ಕರ್ತವ್ಯ ಮಹಾದೇವನಿಗಿತ್ತು. ಒಪ್ಪಿಗೆ ಆ ಕರ್ತವ್ಯವನ್ನು ಅಳಿಸಿತು. ಹೋಫೆಲ್ಡ್‌ರ ಪಟ್ಟಿಯಲ್ಲಿ ಕರ್ತವ್ಯಕ್ಕೆ ನೇರ ವಿರುದ್ಧವಾದುದು ಸ್ವಾತಂತ್ರ್ಯ. ಹಾಗಾಗಿ ಒಪ್ಪಿಗೆಯಿಂದ ಮಹಾದೇವನಿಗೆ ದೊರೆತದ್ದು ದಾರಿಯಲ್ಲಿ ಹೋಗುವ ಸ್ವಾತಂತ್ರ್ಯ. ಶಂಕರಪ್ಪನ ಬದಿಗೆ ಉಳಿದದ್ದು ಹಕ್ಕಿನ ಅಭಾವ. ಒಪ್ಪಿಗೆ ಕೊಡುವ ಕ್ರಿಯೆ ಮಾತ್ರ ಅಧಿಕಾರದ ಚಲಾವಣೆ, ಏಕೆಂದರೆ ಶಂಕರಪ್ಪನ ಮಾತಿನಿಂದ ಮಹಾದೇವನ ಸ್ಥಾನ ಬದಲಾಯಿತು.

ಇದಕ್ಕೆ ಆಧಾರ 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ 52ನೇ ಕಲಂ. ಇನ್ನೊಬ್ಬರ ಸ್ಥಿರಾಸ್ತಿಯಲ್ಲಿ, ಒಪ್ಪಿಗೆ ಇಲ್ಲದಿದ್ದರೆ ಕಾನೂನುಬಾಹಿರವಾಗುತ್ತಿದ್ದ ಕೆಲಸವನ್ನು ಮಾಡಲು ಕೊಡುವ ಅನುಮತಿಯನ್ನು ಅದು ಪರವಾನಗಿ, ಅಂದರೆ ಲೈಸೆನ್ಸ್, ಎನ್ನುತ್ತದೆ. ಕಾಯ್ದೆ ಅಲ್ಲಿ ಬಳಸುವ ಮಾತು ಹಕ್ಕು ಎಂದೇ. ಹೋಫೆಲ್ಡ್‌ರ ದೂರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಕಾಯ್ದೆ ಹಕ್ಕು ಎಂದಿದೆ ಎಂದು ಅದನ್ನು ಹಾಗೇ ಎತ್ತಿ ಬರೆದರೆ ಮುಂದಿನ ಘಟ್ಟದಲ್ಲಿ ಉತ್ತರ ಹಳಿ ತಪ್ಪುತ್ತದೆ.

ಆ ಘಟ್ಟ ಚರಂಡಿಯದು. ಇಲ್ಲಿ ಒಂದೇ ಗುಂಡಿಯಿಂದ ಎರಡು ನಷ್ಟಗಳಾಗಿವೆ. ಎರಡಕ್ಕೂ ಉತ್ತರ ಬೇರೆ. ಮೂರು ದಿನ ದಾರಿ ನಿಂತದ್ದಕ್ಕೆ ಮಹಾದೇವ ಕೂಲಿಯ ನಷ್ಟ ಕೇಳಬಹುದೇ? ಕೇಳಬೇಕಾದರೆ ದಾರಿಗೆ ಅಡ್ಡಿ ಮಾಡದಿರುವ ಕರ್ತವ್ಯ ಶಂಕರಪ್ಪನಿಗೆ ಇದ್ದಿರಬೇಕು. ಹೋಗುವ ಸ್ವಾತಂತ್ರ್ಯದೊಳಗೆ ಅಂಥ ಕರ್ತವ್ಯ ಅಡಗಿಲ್ಲ. ಹೋಫೆಲ್ಡ್ 1913ರ ಲೇಖನದಲ್ಲಿ ಸಿಗಡಿಯ ಸಲಾಡ್‌ನ ಉದಾಹರಣೆಯೊಂದಿಗೆ ಇದನ್ನು ತೋರಿಸುತ್ತಾರೆ. ಸಲಾಡಿನ ಒಡೆಯರು ಒಬ್ಬನಿಗೆ, ಆದರೆ ತಿನ್ನು, ಆದರೆ ನಾವು ಅಡ್ಡಿ ಮಾಡುವುದಿಲ್ಲವೆಂದು ಒಪ್ಪಿಲ್ಲ ಎನ್ನಬಹುದು. ಅವನು ತಿಂದರೆ ತಪ್ಪಿಲ್ಲ. ಅವರು ತಟ್ಟೆಯನ್ನು ಎತ್ತಿಕೊಂಡರೂ ತಪ್ಪಿಲ್ಲ. ಹಣ ಪಡೆಯದೆ ಕೊಟ್ಟ ಪರವಾನಗಿಯಲ್ಲಿ ಮಹಾದೇವನ ಸ್ಥಾನವೂ ಇದೇ. ಈಸ್‌ಮೆಂಟ್ ಕಾಯ್ದೆಯ 64ನೇ ಕಲಂ ಪರಿಹಾರ ಕೊಡಿಸುವುದು ಪ್ರತಿಫಲ ಪಡೆದು ಕೊಟ್ಟ ಪರವಾನಗಿಯಲ್ಲಿ, ಪರವಾನಗಿದಾರನನ್ನು ಅವನ ತಪ್ಪಿಲ್ಲದೆ ಅವಧಿಗೆ ಮುಂಚೆ ಹೊರಹಾಕಿದಾಗ. ಇಲ್ಲಿ ಪ್ರತಿಫಲವೇ ಇಲ್ಲ. ಕೂಲಿಯ ನಷ್ಟ ಮಹಾದೇವನದೇ.

ಆಕ್ಸಲ್ ಮುರಿದದ್ದರ ಲೆಕ್ಕ ಬೇರೆ. ಅದೇ ಕಾಯ್ದೆಯ 58ನೇ ಕಲಂ ಪ್ರಕಾರ, ಪರವಾನಗಿ ಕೊಟ್ಟವನು ಪರವಾನಗಿದಾರನ ಮೈಗೋ ಸೊತ್ತಿಗೋ ಅಪಾಯವಾಗುವಂತೆ ಜಾಗವನ್ನು ಮಾರ್ಪಡಿಸಕೂಡದು. ಇದು ನಿಜವಾದ ಕರ್ತವ್ಯ. ಇದರ ಎದುರಿಗೆ ಮಹಾದೇವನಿಗೆ ನಿಜವಾದ ಹಕ್ಕಿದೆ. ರಾತ್ರಿ ದಾರಿಯಲ್ಲಿ ಗುರುತಿಲ್ಲದ ಗುಂಡಿ ಈ ಕರ್ತವ್ಯದ ಉಲ್ಲಂಘನೆ. ಹಾಗಾಗಿ ದಾರಿ ಕೊಡಲೇಬೇಕಾದ ಕರ್ತವ್ಯವಿಲ್ಲದಿದ್ದರೂ, ಕೊಟ್ಟಿರುವ ತನಕ ದಾರಿಯನ್ನು ಅಪಾಯಕಾರಿ ಮಾಡದಿರುವ ಕರ್ತವ್ಯ ಶಂಕರಪ್ಪನಿಗಿದೆ. ಉತ್ತರಪತ್ರಿಕೆಯಲ್ಲಿ ಇವೆರಡನ್ನು ಬೇರ್ಪಡಿಸಿದ ವಿದ್ಯಾರ್ಥಿಗೆ ಚೌಕಟ್ಟು ಅರ್ಥವಾಗಿದೆ ಎಂಬುದು ಪರೀಕ್ಷಕರಿಗೆ ಇಲ್ಲಿಯೇ ಗೊತ್ತಾಗುತ್ತದೆ.

ಮೂರನೆಯ ಘಟ್ಟವಾದ ಮೋರಿಯನ್ನು ವಿದ್ಯಾರ್ಥಿಗಳು ಬರೀ ಹಣ ಖರ್ಚಾದ ಸಂಗತಿ ಎಂದು ದಾಟಿಹೋಗುವುದುಂಟು. ಅದರ ಮಹತ್ವ ಮೂರನೇ ಮತ್ತು ನಾಲ್ಕನೇ ಜೋಡಿಗಳಿಗೆ ಬಂದಾಗ ತಿಳಿಯುತ್ತದೆ. ಮೋರಿ ಕಟ್ಟುವ ಮುಂಚೆ ಶಂಕರಪ್ಪನಿಗೆ ಪರವಾನಗಿಯನ್ನು ರದ್ದು ಮಾಡುವ ಅಧಿಕಾರವಿತ್ತು. ಅವನು ಸಾಕು ಎಂದರೆ ಮಹಾದೇವನ ಸ್ವಾತಂತ್ರ್ಯ ಹೋಗಿ ಹಳೆಯ ಕರ್ತವ್ಯ ಮರಳುತ್ತಿತ್ತು. ಆ ಬದಲಾವಣೆಗೆ ಒಳಪಟ್ಟ ಬಾಧ್ಯತೆ ಮಹಾದೇವನದು. 60ನೇ ಕಲಂ ಈ ಅಧಿಕಾರವನ್ನು ಒಪ್ಪಿ, ಜೊತೆಗೆ ಎರಡು ಅಪವಾದಗಳನ್ನು ಹೇಳುತ್ತದೆ. ಎರಡನೆಯ ಅಪವಾದದ ಪ್ರಕಾರ, ಪರವಾನಗಿದಾರನು ಪರವಾನಗಿಯನ್ನು ನಂಬಿ ಶಾಶ್ವತ ಸ್ವರೂಪದ ಕಾಮಗಾರಿಯನ್ನು ಮಾಡಿ ಅದಕ್ಕೆ ಖರ್ಚು ಹಾಕಿದ್ದರೆ ಪರವಾನಗಿಯನ್ನು ರದ್ದು ಮಾಡಲು ಬರುವುದಿಲ್ಲ. ಸರ್ವೋಚ್ಚ ನ್ಯಾಯಾಲಯವು 1987ರಲ್ಲಿ ರಾಮ್ ಸರೂಪ್ ಗುಪ್ತಾ ಮತ್ತು ಬಿಷುನ್ ನಾರಾಯಣ್ ಇಂಟರ್ ಕಾಲೇಜ್ ನಡುವಿನ ಮೊಕದ್ದಮೆಯಲ್ಲಿ, ಶಾಲೆಗೆ ಕೊಟ್ಟಿದ್ದ ಪರವಾನಗಿಗೆ ಈ ಅಪವಾದವನ್ನು ಅನ್ವಯಿಸಿತು.

ಮೋರಿಗೆ ಮೂರೂ ಅಂಶಗಳು ಹೊಂದುತ್ತವೆ. ಕಾಂಕ್ರೀಟ್ ಕಟ್ಟಡ ಶಾಶ್ವತ ಸ್ವರೂಪದ್ದು. ಖರ್ಚು ಮಹಾದೇವನದು. “ನೀನೇ ಮೋರಿ ಕಟ್ಟಿಸಿಕೊ” ಎಂಬ ಮಾತಿನಿಂದ ಅದು ಪರವಾನಗಿಯ ವ್ಯಾಪ್ತಿಯೊಳಗೇ ನಡೆದ ಕೆಲಸ. ಸಮಸ್ಯೆಯಲ್ಲಿ ಆ ಒಂದು ವಾಕ್ಯವನ್ನು ಇಟ್ಟಿರುವುದು ಇದಕ್ಕಾಗಿಯೇ; ಅದಿಲ್ಲದೆ ಮಹಾದೇವ ತಾನಾಗಿ ಕಟ್ಟಿದ್ದರೆ ಫಲಿತಾಂಶ ಅನುಮಾನಕ್ಕೆ ಬೀಳುತ್ತಿತ್ತು. ಮಹಾದೇವ ಹಳ್ಳಕ್ಕೆ ಹಲಗೆ ಹಾಸಿ ದಾಟುತ್ತಿದ್ದರೂ ಹಾಗೆಯೇ. ಮೋರಿ ಎದ್ದ ಮೇಲೆ ಶಂಕರಪ್ಪನ ಅಧಿಕಾರ ಅಸಮರ್ಥತೆಯಾಯಿತು, ಮಹಾದೇವನ ಬಾಧ್ಯತೆ ರಕ್ಷೆಯಾಯಿತು. ದಾರಿಯಲ್ಲಿ ಹೋಗುವ ಸ್ವಾತಂತ್ರ್ಯ ಮಾತ್ರ ಮೊದಲಿದ್ದಂತೆಯೇ ಇದೆ. ಬದಲಾದದ್ದು ಅದನ್ನು ಕಿತ್ತುಕೊಳ್ಳುವ ಸಾಧ್ಯತೆ.

ನಾಲ್ಕನೆಯ ಘಟ್ಟ ಪವರ್ ಟಿಲ್ಲರಿನದು. ಇಲ್ಲಿ ಕಾಲದ ಮೂರು ಬಿಂದುಗಳನ್ನು ಬೇರೆ ಇಡಬೇಕು. ಚೀಟಿ ಮಹಾದೇವನ ಕೈ ಸೇರಿದಾಗ ಶಂಕರಪ್ಪನಿಗೆ ಟಿಲ್ಲರ್ ಕೊಡುವ ಕರ್ತವ್ಯ ಹುಟ್ಟಲಿಲ್ಲ, ಮಹಾದೇವನಿಗೆ ಅದನ್ನು ಪಡೆಯುವ ಹಕ್ಕೂ ಬರಲಿಲ್ಲ. ಅವನಿಗೆ ದೊರೆತದ್ದು ಅಧಿಕಾರ. ಒಂದು ‘ಆಗಲಿ’ಯಿಂದ ಇಬ್ಬರ ನಡುವೆ ಕರಾರನ್ನು ಹುಟ್ಟಿಸಬಲ್ಲ ಸ್ಥಾನ ಅದು. ಶಂಕರಪ್ಪನದು ಅದಕ್ಕೆ ಜೋಡಿಯಾದ ಬಾಧ್ಯತೆ.

ಸೋಮವಾರದ ತನಕ ಕಾಯುತ್ತೇನೆ ಎಂಬ ಮಾತು ಈ ಚಿತ್ರವನ್ನು ಬದಲಿಸುವುದೇ? 1872ರ ಭಾರತೀಯ ಕರಾರು ಕಾಯ್ದೆಯ 5ನೇ ಕಲಂ ಪ್ರಕಾರ, ಒಪ್ಪಿಗೆಯ ತಿಳಿವಳಿಕೆ ಪ್ರಸ್ತಾಪಿಸಿದವನ ಮಟ್ಟಿಗೆ ಪೂರ್ಣವಾಗುವ ಮುಂಚೆ ಯಾವಾಗ ಬೇಕಾದರೂ ಪ್ರಸ್ತಾಪವನ್ನು ಹಿಂಪಡೆಯಬಹುದು. ಕಾಯುವ ಭರವಸೆಗೆ ಮಹಾದೇವ ಪ್ರತಿಫಲ ಕೊಟ್ಟಿಲ್ಲವಾದ್ದರಿಂದ ಅದು ಶಂಕರಪ್ಪನನ್ನು ಕಟ್ಟಿಹಾಕದು. ಅಂದರೆ ಹಿಂಪಡೆಯುವ ಅಧಿಕಾರವೂ ಅವನಲ್ಲಿತ್ತು. ಇಬ್ಬರ ಕೈಯಲ್ಲೂ ಒಂದೊಂದು ಅಧಿಕಾರವಿದ್ದು, ಯಾರು ಮೊದಲು ಚಲಾಯಿಸುತ್ತಾರೋ ಅವರದು ನಿಲ್ಲುವ ಸ್ಥಿತಿ ಇದು.

ಶನಿವಾರ ಶಂಕರಪ್ಪ ಗಂಗಮ್ಮನಿಗೆ ಟಿಲ್ಲರ್ ಮಾರಿದಾಗ ತಪ್ಪು ಮಾಡಿದನೇ? ಬಹಳ ಉತ್ತರಗಳು ಇಲ್ಲಿ ಹೌದು ಎನ್ನುತ್ತವೆ, ಏಕೆಂದರೆ ಬಾಧ್ಯತೆಯನ್ನು ಕರ್ತವ್ಯವೆಂದು ಓದಿಕೊಂಡಿರುತ್ತವೆ. ಆ ದಿನ ಮಹಾದೇವನೆದುರು ಶಂಕರಪ್ಪನಿಗೆ ಯಾವ ಕರ್ತವ್ಯವೂ ಇರಲಿಲ್ಲ. ಬೇರೆಯವರಿಗೆ ಮಾರುವ ಸ್ವಾತಂತ್ರ್ಯ ಇತ್ತು, ಒಡೆಯನಾದ್ದರಿಂದ ಒಡೆತನವನ್ನು ದಾಟಿಸುವ ಅಧಿಕಾರವೂ ಇತ್ತು. ಮಾರಾಟ ಊರ್ಜಿತ. ಟಿಲ್ಲರ್ ಗಂಗಮ್ಮನದಾಯಿತು, ಆಕೆಯ ವಿರುದ್ಧ ಮಹಾದೇವನಿಗೆ ಏನೂ ಇಲ್ಲ.

ಆದರೆ ಮಾರಿದ ಸಂಗತಿಯನ್ನು ಶಂಕರಪ್ಪ ಮಹಾದೇವನಿಗೆ ತಿಳಿಸಲಿಲ್ಲ. ಹಿಂಪಡೆಯುವುದನ್ನು ಪ್ರಸ್ತಾಪಿಸಿದವನು ಎದುರಿನವನಿಗೆ ತಿಳಿಸಬೇಕೆಂದು 6ನೇ ಕಲಂ ಹೇಳುತ್ತದೆ. ತಿಳಿಸದ ಕಾರಣ ಹಿಂಪಡೆಯುವ ಅಧಿಕಾರ ಚಲಾವಣೆಯಾಗಲೇ ಇಲ್ಲ, ಮಹಾದೇವನ ಅಧಿಕಾರ ಹಾಗೇ ಉಳಿಯಿತು. ಸೋಮವಾರ ಚೀಟಿ ಕೊಟ್ಟೊಡನೆ ಕರಾರು ಹುಟ್ಟಿತು. ಆ ಗಳಿಗೆಯಿಂದ ಟಿಲ್ಲರ್ ಕೊಡುವ ಕರ್ತವ್ಯ ಶಂಕರಪ್ಪನದು, ಪಡೆಯುವ ಹಕ್ಕು ಮಹಾದೇವನದು. 70,000 ರೂಪಾಯಿಯ ಮಟ್ಟಿಗೆ ಕರ್ತವ್ಯ ಮತ್ತು ಹಕ್ಕು ತಿರುಗುಮುರುಗು. ಕೊಡಲು ವಸ್ತುವೇ ಇಲ್ಲದ್ದರಿಂದ ಶಂಕರಪ್ಪ ಪರಿಹಾರ ತೆರಬೇಕು. ಅಂಥದೇ ಟಿಲ್ಲರ್ ಆ ದಿನ ಪೇಟೆಯಲ್ಲಿ 85,000ಕ್ಕೆ ಸಿಗುತ್ತಿದ್ದರೆ ಮಹಾದೇವನ ನಷ್ಟ 15,000 ರೂಪಾಯಿ. ಹೀಗೆ ಶನಿವಾರದ ಮಾರಾಟ ತಪ್ಪಲ್ಲ, ಸೋಮವಾರ ಕೊಡದಿರುವುದು ತಪ್ಪು. ಪರಿಹಾರದ ಮೊತ್ತ ಎರಡೂ ಬಗೆಯ ಉತ್ತರದಲ್ಲಿ ಒಂದೇ ಬರಬಹುದು, ಆದರೆ ತಪ್ಪು ಯಾವ ದಿನ ನಡೆಯಿತು ಎಂಬುದರಲ್ಲಿ ವಿಶ್ಲೇಷಣೆಯ ಸರಿತಪ್ಪು ಕಾಣುತ್ತದೆ.

ಕೊನೆಯ ಘಟ್ಟ ಗೇಟಿನ ಬೀಗ. ಪರವಾನಗಿಯ ರದ್ದತಿ ಬಾಯಲ್ಲಿ ಹೇಳಿಯೇ ಆಗಬೇಕೆಂದಿಲ್ಲ, ನಡತೆಯಿಂದಲೂ ಆಗಬಹುದು ಎನ್ನುವ 61ನೇ ಕಲಂ, ಹೊಲದ ದಾರಿಯ ಗೇಟಿಗೆ ರದ್ದುಮಾಡುವ ಉದ್ದೇಶದಿಂದ ಬೀಗ ಹಾಕುವುದನ್ನೇ ಉದಾಹರಣೆಯಾಗಿ ಕೊಡುತ್ತದೆ. ಇದನ್ನು ನೆನಪಿಟ್ಟ ವಿದ್ಯಾರ್ಥಿ ಪರವಾನಗಿ ರದ್ದಾಯಿತು ಎಂದು ಬರೆದು ಮುಗಿಸುವ ಅಪಾಯವಿದೆ. ಆ ಕಲಂ ಹೇಳುವುದು ಅಧಿಕಾರವನ್ನು ಚಲಾಯಿಸುವ ರೀತಿಯನ್ನು. ಅಧಿಕಾರವಿದೆಯೇ ಎಂಬುದನ್ನು ಹೇಳುವುದು 60ನೇ ಕಲಂ. ಮೋರಿ ಕಟ್ಟಿದಂದೇ ಅಧಿಕಾರ ಹೋಗಿದ್ದರಿಂದ ಬೀಗದಿಂದ ರದ್ದತಿ ಆಗಲಿಲ್ಲ. ಮೋರಿ ಕಟ್ಟುವ ಮುಂಚೆ ಇದೇ ಬೀಗ ಬಿದ್ದಿದ್ದರೆ ರದ್ದತಿ ಊರ್ಜಿತವಾಗುತ್ತಿತ್ತು.

ಹಾಗಾದರೆ ಬೀಗ ತೆಗೆ ಎನ್ನಲು ಮಹಾದೇವನಿಗೆ ಹಕ್ಕಿದೆಯೇ? ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ರಕ್ಷೆ ಮತ್ತು ಹಕ್ಕು ಒಂದೇ ಅಲ್ಲ. ರಕ್ಷೆಯಿಂದ ಸಿದ್ಧವಾಗುವುದು ಮಹಾದೇವನ ಸ್ವಾತಂತ್ರ್ಯ ಉಳಿದಿದೆ, ತೋಟದೊಳಗೆ ನಡೆದರೆ ಅವನು ಅತಿಕ್ರಮಣಕಾರನಲ್ಲ ಎಂಬಷ್ಟೇ. ಅಡ್ಡಿ ಮಾಡದಿರುವ ಕರ್ತವ್ಯ ಶಂಕರಪ್ಪನಿಗಿದೆ ಎನ್ನಲು ಇನ್ನೊಂದು ಹೆಜ್ಜೆ ಬೇಕು. ರದ್ದು ಮಾಡಲಾಗದ ಪರವಾನಗಿಯನ್ನು ಬೀಗವೊಂದರಿಂದ ನಿಷ್ಫಲಗೊಳಿಸಲು ಬಿಟ್ಟರೆ 60ನೇ ಕಲಂಗೆ ಅರ್ಥವೇ ಉಳಿಯದು ಎಂಬ ವಾದ ಆ ಹೆಜ್ಜೆ. ಈ ವಾದವನ್ನು ಒಪ್ಪಿ ನ್ಯಾಯಾಲಯ ತಡೆಯಾಜ್ಞೆ ಕೊಟ್ಟರೆ, ಅದು ರಕ್ಷೆಯ ಪಕ್ಕದಲ್ಲಿ ಒಂದು ಹಕ್ಕನ್ನೂ ಗುರುತಿಸಿದಂತೆ. ಉತ್ತರದಲ್ಲಿ ಈ ಹೆಜ್ಜೆಯನ್ನು ನುಂಗಿಬಿಡದೆ ಬರೆಯಬೇಕು. ಸ್ವಾತಂತ್ರ್ಯದಿಂದ ಹಕ್ಕಿಗೆ ಸದ್ದಿಲ್ಲದೆ ಜಿಗಿಯುವ ವಾದಗಳನ್ನೇ ಹೋಫೆಲ್ಡ್ ಟೀಕಿಸಿದ್ದು. ಈಸ್‌ಮೆಂಟ್ ಮತ್ತು ಪರವಾನಗಿ ಮೊಕದ್ದಮೆಗಳಲ್ಲಿನ ಇಂಥ ದೋಷಗಳ ಬಗ್ಗೆ ಅವರು 1917ರಲ್ಲಿ ಪ್ರತ್ಯೇಕ ಲೇಖನವನ್ನೇ ಬರೆದಿದ್ದಾರೆ.

ಬರೆದು ಮುಗಿಸಿದ ಉತ್ತರವನ್ನು ಪರೀಕ್ಷಿಸಿಕೊಳ್ಳಲು ಜೋಡಿಯ ನಿಯಮವೇ ಸಾಕು. ಹಕ್ಕು ಎಂದು ಬರೆದ ಪ್ರತಿ ಕಡೆಯೂ ಎದುರಿನವನ ಹೆಸರನ್ನೂ ಅವನು ಮಾಡಬೇಕಾದ ಅಥವಾ ಮಾಡಬಾರದ ಕೆಲಸವನ್ನೂ ಹೇಳಲು ಆಗಬೇಕು. ಆಗದಿದ್ದರೆ ಅಲ್ಲಿರುವುದು ಹಕ್ಕಲ್ಲ, ಬಹುಶಃ ಸ್ವಾತಂತ್ರ್ಯ ಅಥವಾ ಅಧಿಕಾರ. ಬಾಧ್ಯತೆ ಎಂದು ಬರೆದ ಕಡೆ ಯಾರ ಯಾವ ಕ್ರಿಯೆಯಿಂದ ಸ್ಥಾನ ಬದಲಾಗುತ್ತದೆ ಎಂದು ಕೇಳಬೇಕು. ಉತ್ತರ ಸಿಗದಿದ್ದರೆ ಆ ಮಾತು ಹಳೆಯ ಹೊಣೆಗಾರಿಕೆಯ ಅರ್ಥದಲ್ಲಿ ಬಿದ್ದಿದೆ. ಯಾರೂ ಏನೂ ಮಾಡದೆಯೇ ಸ್ಥಾನ ಬದಲಾಯಿತೆಂದು ಬರೆದಿದ್ದರೆ ನಡುವೆ ಒಂದು ಘಟನೆಯನ್ನೋ ನಿಯಮವನ್ನೋ ಬಿಟ್ಟಿರುವ ಸಾಧ್ಯತೆ ಹೆಚ್ಚು.

ಚೌಕಟ್ಟಿಗೆ ಮಿತಿಗಳೂ ಇವೆ. ಯಾರಿಗೆ ಯಾವ ಹಕ್ಕಿರಬೇಕು ಎಂಬುದನ್ನು ಅದು ಹೇಳುವುದಿಲ್ಲ. ಮೋರಿ ಕಟ್ಟಿದವನಿಗೆ ರಕ್ಷೆ ದೊರೆತದ್ದು 60ನೇ ಕಲಂನಿಂದ, ಹೋಫೆಲ್ಡ್‌ರಿಂದಲ್ಲ. ಬೇರೆ ದೇಶದ ಕಾನೂನಿನಲ್ಲಿ ಅದೇ ಮೋರಿ ಬೇರೆ ಫಲ ಕೊಡಬಹುದು. ಆಗಲೂ ಅದನ್ನು ವಿವರಿಸುವ ಎಂಟು ಹೆಸರುಗಳು ಅವೇ. ಎಲ್ಲ ಕರ್ತವ್ಯಗಳಿಗೂ ಜೋಡಿ ಹಕ್ಕು ಇದೆಯೇ ಎಂಬುದೂ ವಿವಾದದ ವಿಷಯ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಜಾನ್ ಆಸ್ಟಿನ್, ಯಾವ ವ್ಯಕ್ತಿಯ ಹಕ್ಕಿಗೂ ಜೋಡಿಯಾಗದ ನಿರಪೇಕ್ಷ ಕರ್ತವ್ಯಗಳಿವೆ ಎಂದಿದ್ದರು. ಹೆಲ್ಮೆಟ್ ಹಾಕುವ ಕರ್ತವ್ಯದ ಎದುರು ಯಾರ ಹಕ್ಕಿದೆ ಎಂದು ಕೇಳಿದಾಗ ಈ ತೊಡಕು ಎದುರಾಗುತ್ತದೆ. ಸರ್ಕಾರದ ಹಕ್ಕು ಎಂದರೆ ಜೋಡಿ ಕೂಡುತ್ತದೆ, ಆದರೆ ಆ ಉತ್ತರ ಎಲ್ಲರಿಗೂ ಒಪ್ಪಿಗೆಯಾಗಿಲ್ಲ. ಸಮಸ್ಯೆಯಲ್ಲಿ ದಂಡಸಂಹಿತೆಯ ಅಪರಾಧವೋ ಸಾರ್ವಜನಿಕ ಕರ್ತವ್ಯವೋ ಬಂದಾಗ ಈ ಭಿನ್ನಮತವನ್ನು ಎರಡು ವಾಕ್ಯಗಳಲ್ಲಿ ಹೇಳಿ ಮುಂದುವರಿಯುವುದು ವಾಡಿಕೆ. ಶಂಕರಪ್ಪ ಮತ್ತು ಮಹಾದೇವರದಂಥ, ಇಬ್ಬರ ನಡುವೆಯೇ ಮುಗಿಯುವ ಖಾಸಗಿ ವ್ಯವಹಾರದಲ್ಲಿ ಅದರ ಅಗತ್ಯ ಬೀಳುವುದಿಲ್ಲ.